ನಮ್ಮದೇ ತೋಟದ ಮಣೂಕ, ಆದರೂ ಶುಗರ್ 236 ಯಾಕೆ?

ಪ್ರಶ್ನೆ: ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಮಣೂಕ ನಾವೇ ಮಾಡ್ತೀವಿ, ಅದಕ್ಕ ಸಕ್ಕರಿ ಏನೂ ಹಾಕಂಗಿಲ್ಲ. ನಮ್ಮ ಅವ್ವಗ 58 ವರ್ಷ, ಎಂಟು ವರ್ಷದಿಂದ ಶುಗರ್ ಐತಿ. ಮುಂಜಾನೆ ಆರೂವರಿಗೆ ನೆನೆಹಾಕಿದ ಒಂದು ಹಿಡಿ ಮಣೂಕ, ನಾಕು ಖರ್ಜೂರ ತಿಂತಾಳ, ನೆನೆಸಿದ ನೀರೂ ಕುಡಿತಾಳ. ಏಳೂವರಿಗೆ ಗುಳಿಗಿ ತಗೊಂಡು ಸುಸಲಾ ತಿಂತಾಳ. ಮೊನ್ನೆ ಖಾಲಿ ಹೊಟ್ಯಾಗ 124 ಇತ್ತು, ಒಂಬತ್ತಕ್ಕ ನೋಡಿದ್ರ 236. ಡಾಕ್ಟ್ರು ಬಿಡ್ರಿ ಅಂತಾರ. ಮೊಬೈಲ್‌ನ್ಯಾಗ ನೋಡಿದ್ರ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮಿ, ನಾರು ಜಾಸ್ತಿ, ಶುಗರ್‌ದವ್ರಿಗೆ ಚಲೋ ಅಂತೈತಿ. ಗುಳಿಗಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ವೊಗ್ಲಿಬೋಸ್ ಮೂರೂ ಕೂಡಿದ್ದು ಒಂದು. ಯಾವ ಮಾತು ಖರೆ?

ಉತ್ತರ: ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯ ಇದೆ. ಮಣೂಕ ನಿಮ್ಮ ಅವ್ವನಿಗೆ ವಿಷವಲ್ಲ, ಆದರೆ ಈಗ ತಿನ್ನುತ್ತಿರುವಷ್ಟು, ಈಗ ತಿನ್ನುತ್ತಿರುವ ಹೊತ್ತಿನಲ್ಲಿ ಅದು ಅವರಿಗೆ ಆಗಿಬರುವುದಿಲ್ಲ. ಯಾಕೆ ಅನ್ನುವುದು ನಿಮ್ಮ ಶೆಡ್ಡಿನಲ್ಲೇ ಇದೆ, ಅಲ್ಲಿಂದಲೇ ಶುರು ಮಾಡೋಣ.

ಒಂದು ಕಿಲೋ ಮಣೂಕಕ್ಕೆ ಎಷ್ಟು ಹಸಿ ದ್ರಾಕ್ಷಿ ಬೇಕು ಎಂದು ನಿಮಗೆ ನಾನು ಹೇಳಬೇಕಿಲ್ಲ. ಹೆಚ್ಚುಕಡಿಮೆ ನಾಲ್ಕು ಕಿಲೋ. ಕಟಾವಿಗೆ ಮೊದಲು ಬ್ರಿಕ್ಸ್ ನೋಡುತ್ತೀರಿ, 20 ದಾಟಿ 22ರ ಹತ್ತಿರ ಬಂದರೆ ಮಣೂಕಕ್ಕೆ ತೂಕ ಚೆನ್ನಾಗಿ ಕೂಡುತ್ತದೆ ಎಂದು ಕಾಯುತ್ತೀರಿ. ಬ್ರಿಕ್ಸ್ 22 ಎಂದರೆ ರಸದ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಕರಗಿದ ಪದಾರ್ಥ, ಅದರಲ್ಲಿ ಬಹುಪಾಲು ಸಕ್ಕರೆ. ಆಮೇಲೆ ಗೊನೆಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತೀರಿ. ಕಾಯಿಯ ಮೇಲಿನ ಮೇಣದ ಪದರ ಅದರಿಂದ ಸಡಿಲಾಗಿ, ಶೆಡ್ಡಿನ ಬಲೆಯ ಮೇಲೆ ಎರಡು ವಾರದಲ್ಲಿ ನೀರು ಆರಿಹೋಗುತ್ತದೆ. ಆರುವುದು ನೀರು ಮಾತ್ರ. ಸಕ್ಕರೆ ಗಾಳಿಗೆ ಹಾರುವುದಿಲ್ಲ, ಬಲೆಯಿಂದ ಸೋರುವುದೂ ಇಲ್ಲ. ನಾಲ್ಕು ಕಿಲೋದಲ್ಲಿದ್ದ ಸಕ್ಕರೆಯೆಲ್ಲ ಒಂದು ಕಿಲೋದೊಳಗೆ ಬಂದು ಕೂರುತ್ತದೆ. ಹಾಗಾಗಿ ನೂರು ಗ್ರಾಂ ಮಣೂಕದಲ್ಲಿ 79 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರುತ್ತದೆ, ಅದರಲ್ಲಿ 60 ಗ್ರಾಮಿಗೂ ಹೆಚ್ಚು ಶುದ್ಧ ಸಕ್ಕರೆ. ನಾವು ಸಕ್ಕರೆ ಹಾಕಿಲ್ಲ ಎಂಬ ನಿಮ್ಮ ಮಾತು ಪೂರ್ತಿ ನಿಜ. ಬಳ್ಳಿಯೇ ಹಾಕಿದೆ.

ಹೊಂಬಣ್ಣದ್ದು ಒಳ್ಳೆಯದೋ ಕಪ್ಪು ಒಳ್ಳೆಯದೋ ಎಂದು ಕೆಲವರು ಕೇಳುತ್ತಾರೆ. ಅದ್ದಿ, ನೆರಳಲ್ಲಿ ಆರಿಸಿ, ಗಂಧಕದ ಹೊಗೆ ಕೊಟ್ಟರೆ ಬಣ್ಣ ಉಳಿಯುತ್ತದೆ. ಅದ್ದದೆ ಬಿಸಿಲಲ್ಲಿ ಒಣಗಿಸಿದರೆ ಕಪ್ಪಾಗುತ್ತದೆ. ಗಂಧಕ ಕೊಟ್ಟದ್ದು ಅಸ್ತಮಾ ಇದ್ದ ಕೆಲವರಿಗೆ ತೊಂದರೆ ಕೊಡಬಹುದು. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಮಾತ್ರ ಬಣ್ಣದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಈಗ ಅವ್ವನ ಮುಂಜಾನೆಯ ತಟ್ಟೆಯನ್ನು ತೂಗೋಣ. ಹೆಣ್ಣುಮಕ್ಕಳ ಒಂದು ಹಿಡಿಯಲ್ಲಿ ಒಣ ಮಣೂಕ 40 ಗ್ರಾಂ ತನಕ ಹಿಡಿಸುತ್ತದೆ. ಅದರಲ್ಲಿ ಸುಮಾರು 31 ಗ್ರಾಂ ಕಾರ್ಬೋಹೈಡ್ರೇಟ್. ಮೆತ್ತಗಿನ ಮಧ್ಯಮ ಗಾತ್ರದ ಖರ್ಜೂರ ಬೀಜ ತೆಗೆದರೆ ಒಂಬತ್ತು ಗ್ರಾಂ ಹತ್ತಿರ ಬರುತ್ತದೆ, ನಾಲ್ಕಕ್ಕೆ 36 ಗ್ರಾಂ, ಅದರಲ್ಲಿ 27 ಗ್ರಾಂ. ಎರಡೂ ಸೇರಿ 58. ಮೇಲೆ ಒಂದು ತಟ್ಟೆ ಸುಸಲಾ, ಅದರಲ್ಲಿ ಚುರುಮುರಿ 40 ಗ್ರಾಂ ಎಂದು ಹಿಡಿದರೂ 30 ಗ್ರಾಮಿಗೆ ಮೇಲೆ. ಅಲ್ಲಿಗೆ 90 ಗ್ರಾಂ ಆಯಿತು. ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 40 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಂದರೆ ಅವ್ವ ಮುಂಜಾನೆ ಒಂಬತ್ತರೊಳಗೆ ಎರಡು ರೊಟ್ಟಿಗಿಂತ ಹೆಚ್ಚು ತಿಂದಂತೆ. ಅದರಲ್ಲಿ ಒಂದೂವರೆ ರೊಟ್ಟಿಯ ಪಾಲು ಮಣೂಕ ಮತ್ತು ಖರ್ಜೂರದ್ದೇ. ರೊಟ್ಟಿ ತಿನ್ನುವಾಗ ಎಷ್ಟಾಯಿತು ಎಂದು ಎಲ್ಲರೂ ಎಣಿಸುತ್ತಾರೆ. ಮಣೂಕ ಔಷಧದ ಲೆಕ್ಕಕ್ಕೆ ಹೋಗಿರುವುದರಿಂದ ಅದನ್ನು ಯಾರೂ ಎಣಿಸುವುದಿಲ್ಲ.

ಇದೇ ಸಕ್ಕರೆಯನ್ನು ಹಸಿ ದ್ರಾಕ್ಷಿಯಲ್ಲಿ ತಿಂದಿದ್ದರೆ ಹೇಗಿರುತ್ತಿತ್ತು? ನಲವತ್ತು ಗ್ರಾಂ ಮಣೂಕಕ್ಕೆ 160 ಗ್ರಾಂ ಹಸಿ ದ್ರಾಕ್ಷಿ, ಅಂದರೆ ನಲವತ್ತು ಕಾಯಿ ಇರುವ ಒಂದು ಸಣ್ಣ ಗೊನೆ. ಮುಂಜಾನೆ ಎದ್ದ ಕೂಡಲೇ ಅಷ್ಟು ದ್ರಾಕ್ಷಿಯನ್ನು ಒಂದೇ ಸಲಕ್ಕೆ ತಿನ್ನುವುದು ಕಷ್ಟ, ಹೊಟ್ಟೆ ತುಂಬಿ ಕೈ ತಾನೇ ನಿಲ್ಲುತ್ತದೆ. ಮಣೂಕದಲ್ಲಿ ಆ ನೀರಿನ ತಡೆ ಇಲ್ಲ. ಹಿಡಿಯಷ್ಟು ಎರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ. ಒಣ ಹಣ್ಣಿನ ಮುಖ್ಯ ತೊಡಕು ಇದೇ. ಒಳಗಿನ ಸಕ್ಕರೆ ಕೆಟ್ಟ ಜಾತಿಯದ್ದಲ್ಲ, ಅಳತೆ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ.

ಹಾಗಾದರೆ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ ಅನ್ನುವುದು ಸುಳ್ಳೇ? ಸುಳ್ಳಲ್ಲ, ಆದರೆ ಆ ಸಂಖ್ಯೆ ಹೇಳುವುದೇ ಬೇರೆ. ಅದನ್ನು ಹೀಗೆ ಅಳೆಯುತ್ತಾರೆ: 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ಆಹಾರವನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟು, ಎರಡು ಗಂಟೆ ರಕ್ತದ ಸಕ್ಕರೆ ಎಷ್ಟು ಏರಿತು ಎಂದು ನೋಡುತ್ತಾರೆ. ಅದನ್ನು 50 ಗ್ರಾಂ ಗ್ಲೂಕೋಸ್ ಕುಡಿದಾಗಿನ ಏರಿಕೆಗೆ ಹೋಲಿಸುತ್ತಾರೆ. ಗ್ಲೂಕೋಸಿಗೆ 100 ಎಂದಿಟ್ಟರೆ ಮಣೂಕಕ್ಕೆ 50ರಿಂದ 65ರ ನಡುವೆ ಬರುತ್ತದೆ, ಖರ್ಜೂರಕ್ಕೆ ತಳಿ ನೋಡಿಕೊಂಡು 50ರ ಹಿಂದೆಮುಂದೆ. ಈ ಪರೀಕ್ಷೆ ಬಹುತೇಕ ಆರೋಗ್ಯವಂತರ ಮೇಲೆ ನಡೆಯುವಂಥದು. ಮೇದೋಜೀರಕ ಗ್ರಂಥಿ ಚೆನ್ನಾಗಿ ಇನ್ಸುಲಿನ್ ಬಿಡುವ ಮೈಯಲ್ಲಿ ಏರಿಕೆ ಬೇಗ ಇಳಿಯುತ್ತದೆ. ಎಂಟು ವರ್ಷದ ಶುಗರ್ ಇರುವವರಲ್ಲಿ ಅದೇ ಮಣೂಕಕ್ಕೆ ಗೆರೆ ಇನ್ನೂ ಎತ್ತರಕ್ಕೆ ಹೋಗುತ್ತದೆ, ಇಳಿಯುವುದೂ ತಡ. ಇನ್ನೊಂದು ಮಾತು: ಆ ಸಂಖ್ಯೆಗೆ ನೀವು ಎಷ್ಟು ತಿಂದಿರಿ ಎಂಬುದು ಗೊತ್ತಿಲ್ಲ. ಹತ್ತು ಮಣೂಕಕ್ಕೂ ಹಿಡಿ ಮಣೂಕಕ್ಕೂ ಇಂಡೆಕ್ಸ್ ಒಂದೇ. ಪ್ರಮಾಣವನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದಕ್ಕೆ ಗ್ಲೈಸೆಮಿಕ್ ಲೋಡ್ ಎನ್ನುತ್ತಾರೆ: ಇಂಡೆಕ್ಸನ್ನು ತಿಂದ ಕಾರ್ಬೋಹೈಡ್ರೇಟಿನಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಒಂದು ಸಲಕ್ಕೆ ತಿನ್ನುವ ಪದಾರ್ಥಕ್ಕೆ 20ರ ಮೇಲೆ ಬಂದರೆ ಜಾಸ್ತಿ ಎಂದು ಲೆಕ್ಕ. ಅವ್ವನ ಮಣೂಕ ಮತ್ತು ಖರ್ಜೂರವೇ, ಸುಸಲಾ ಬಿಟ್ಟು, 30ರ ಹತ್ತಿರ ಬರುತ್ತದೆ.

ಆ ಸಂಖ್ಯೆ ಮಧ್ಯಮವಾಗಿ ಕಾಣಲು ಮತ್ತೊಂದು ಕಾರಣ ಇದೆ, ಅದನ್ನು ಬಹಳ ಜನ ಹೇಳುವುದಿಲ್ಲ. ದ್ರಾಕ್ಷಿಯ ಸಕ್ಕರೆಯಲ್ಲಿ ಸರಿಸುಮಾರು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ನಿಮ್ಮ ಮೀಟರ್ ಅಳೆಯುವುದು ಗ್ಲೂಕೋಸನ್ನು ಮಾತ್ರ. ಫ್ರಕ್ಟೋಸ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ, ಅದರಲ್ಲಿ ಒಂದು ಭಾಗ ಮಾತ್ರ ಆಮೇಲೆ ಗ್ಲೂಕೋಸ್ ಆಗಿ ಹೊರಬರುತ್ತದೆ. ಹೆಚ್ಚಾದರೆ ಅಲ್ಲೇ ಕೊಬ್ಬಾಗಿ ಬದಲಾಗಿ ಟ್ರೈಗ್ಲಿಸರೈಡ್ ಏರಿಸುತ್ತದೆ. ಹಾಗಾಗಿ ಮೀಟರ್ ತೋರಿಸದ ಸಕ್ಕರೆಯೂ ಮೈಗೆ ಸೇರಿಯೇ ಸೇರುತ್ತದೆ. ಅವ್ವನ ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 150ರ ಮೇಲೆ ಇದ್ದರೆ ದಿನಾ ಒಂದು ಹಿಡಿ ಒಣ ಹಣ್ಣು ಬೇಡ ಎನ್ನಲು ಅದೂ ಒಂದು ಕಾರಣ.

ಇನ್ನು ನಾರಿನ ಮಾತು. ನಾರು ಸಕ್ಕರೆಯನ್ನು ನಿಧಾನವಾಗಿ ಹೀರುವಂತೆ ಮಾಡುತ್ತದೆ ಎಂಬುದು ಸರಿ, ಆದರೆ ಅದಕ್ಕೆ ಸಾಕಷ್ಟು ನಾರು ಬೇಕು. ನೂರು ಗ್ರಾಂ ಮಣೂಕದಲ್ಲಿ ನಾಲ್ಕು ಗ್ರಾಂ ನಾರು. ಒಂದು ಹಿಡಿಯಲ್ಲಿ ಒಂದೂವರೆ ಗ್ರಾಂ. ಒಂದೂವರೆ ಗ್ರಾಂ ನಾರು 31 ಗ್ರಾಂ ಕಾರ್ಬೋಹೈಡ್ರೇಟನ್ನು ತಡೆದು ನಿಲ್ಲಿಸುವುದು ಎಂದರೆ ಒಬ್ಬ ಪೊಲೀಸ್ ಜಾತ್ರೆ ಕಾಯ್ದಂತೆ. ನೂರು ಗ್ರಾಂ ಖರ್ಜೂರದಲ್ಲಿ ನಾರು ಏಳೆಂಟು ಗ್ರಾಂ, ಒಣ ಅಂಜೂರದಲ್ಲಿ ಹತ್ತರ ಹತ್ತಿರ, ಆದರೆ ಅಂಜೂರದಲ್ಲಿ ಅದರ ಜೊತೆಗೆ ಐವತ್ತರ ಹತ್ತಿರ ಸಕ್ಕರೆಯೂ ಇದೆ. ನಾರೇ ಬೇಕು ಎಂದಾದರೆ ಅಡುಗೆಮನೆಯಲ್ಲೇ ಒಳ್ಳೆಯ ದಾರಿ ಇದೆ. ಎರಡು ಚಮಚ ಅಗಸಿ ಚಟ್ನಿಯಲ್ಲಿ 15 ಗ್ರಾಂ ಅಗಸಿ ಇದ್ದರೆ ಅದರಲ್ಲೇ ನಾಲ್ಕು ಗ್ರಾಂ ನಾರು, ಸಕ್ಕರೆ ಇಲ್ಲವೇ ಇಲ್ಲ ಎನ್ನಬಹುದು. ಊಟದ ತಟ್ಟೆಯ ಅಂಚಿಗೆ ಹಚ್ಚಿಕೊಳ್ಳುವ ಹಸಿ ಮೆಂತ್ಯ, ಸೌತೆಕಾಯಿ, ಮಡಕಿಕಾಳಿನ ಪಲ್ಯ ಇವೆಲ್ಲ ಅದೇ ಕೆಲಸ ಮಾಡುತ್ತವೆ. ಮಲಬದ್ಧತೆಗೆಂದು ಅವ್ವ ಮಣೂಕ ಶುರು ಮಾಡಿದ್ದರೆ ಇವನ್ನು ಹಚ್ಚಿಸಿ, ನೀರು ಹೆಚ್ಚು ಕುಡಿಸಿ.

ರಾತ್ರಿ ನೆನೆಹಾಕಿದರೆ ಸಕ್ಕರೆ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ನೆನೆದಾಗ ಒಂದಿಷ್ಟು ಸಕ್ಕರೆ ನೀರಿಗೆ ಇಳಿಯುವುದು ನಿಜ, ಆ ನೀರು ಸಿಹಿಯಾಗುವುದೇ ಅದಕ್ಕೆ. ಆದರೆ ಆ ನೀರನ್ನೂ ಅವ್ವ ಕುಡಿಯುತ್ತಾರೆ, ಲೆಕ್ಕ ಅಲ್ಲಿಗೇ ಬಂತು. ನೆನೆಸುವುದರಿಂದ ಅಗಿಯಲು ಸುಲಭ ಆಗುತ್ತದೆ, ಹಲ್ಲಿಗೆ ಅಂಟುವುದು ಕಡಿಮೆ. ಅಷ್ಟೇ ಉಪಯೋಗ. ರಕ್ತ ಹೆಚ್ಚಾಗುತ್ತದೆ ಎಂಬ ಮಾತಿಗೂ ಇಷ್ಟೇ ಬೆಲೆ: ಹಿಡಿ ಮಣೂಕದಲ್ಲಿ ಕಬ್ಬಿಣದ ಅಂಶ ಒಂದೆರಡು ಮಿಲಿಗ್ರಾಂ. ಹಿಮೋಗ್ಲೋಬಿನ್ ನಿಜವಾಗಿಯೂ ಕಡಿಮೆ ಇದ್ದರೆ ಮಣೂಕವನ್ನು ನಂಬಿ ಕೂರುವಂತಿಲ್ಲ, ಕಾರಣ ಹುಡುಕಿ ಗುಳಿಗೆ ತಗೊಳ್ಳಬೇಕು.

ಈಗ ಹೊತ್ತಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದೂ ಅದೇ. ಮಣೂಕ ಆರೂವರೆಗೆ, ಗುಳಿಗೆ ಏಳೂವರೆಗೆ. ಮುಂಜಾವಿನಲ್ಲಿ ಮೈ ತಾನೇ ಕೆಲವು ಹಾರ್ಮೋನು ಬಿಟ್ಟು ಯಕೃತ್ತಿನಿಂದ ಸಕ್ಕರೆ ಹೊರಹಾಕುತ್ತಿರುತ್ತದೆ, ಆಗ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಶುಗರ್ ಇರುವ ಬಹಳ ಜನಕ್ಕೆ ದಿನದ ಅತಿ ದೊಡ್ಡ ಏರಿಕೆ ಬರುವುದು ಮುಂಜಾನೆಯ ನಾಷ್ಟಾ ಆದ ಮೇಲೆಯೇ. ಆ ಹೊತ್ತಿಗೆ, ಬೇರೇನೂ ಇಲ್ಲದ ಹೊಟ್ಟೆಗೆ, ಗುಳಿಗೆಗೆ ಒಂದು ತಾಸು ಮುಂಚೆ 58 ಗ್ರಾಂ ಹೋಗುತ್ತಿದೆ. ಸುಸಲಾದ ಹೊತ್ತಿಗೆ ಸಕ್ಕರೆ ಆಗಲೇ ಮೇಲೆ ಹತ್ತಿ ಕೂತಿರುತ್ತದೆ, ಅದರ ಮೇಲೆ ಚುರುಮುರಿ. ಚುರುಮುರಿಯೂ ಬೇಗ ಜೀರ್ಣವಾಗುವಂಥದ್ದು.

ಗುಳಿಗೆಯಲ್ಲಿರುವ ವೊಗ್ಲಿಬೋಸ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕರುಳಿನಲ್ಲಿ ಕೂತು ಪಿಷ್ಟ ಮತ್ತು ಸಾದಾ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಅನ್ನ, ರೊಟ್ಟಿ, ಚುರುಮುರಿ ನಿಧಾನವಾಗಿ ಒಡೆಯುತ್ತವೆ, ಏರಿಕೆ ತಗ್ಗುತ್ತದೆ. ಮಣೂಕದ ಸಕ್ಕರೆ ಮಾತ್ರ ಬಳ್ಳಿಯಲ್ಲಿ ಇರುವಾಗಲೇ ಒಡೆದ ರೂಪದಲ್ಲಿದೆ, ಬಿಡಿ ಗ್ಲೂಕೋಸ್, ಬಿಡಿ ಫ್ರಕ್ಟೋಸ್. ಮೆತ್ತಗಿನ ಖರ್ಜೂರದ್ದೂ ಬಹುಪಾಲು ಹಾಗೆಯೇ. ಒಡೆಯುವ ಕೆಲಸವೇ ಇಲ್ಲದ ಮೇಲೆ ತಡೆಯುವ ಗುಳಿಗೆಗೆ ಅಲ್ಲಿ ಕೆಲಸ ಇಲ್ಲ. ಮಣೂಕವನ್ನು ಗುಳಿಗೆಯ ಜೊತೆಗೇ ತಿಂದರೂ ವೊಗ್ಲಿಬೋಸ್ ಅದನ್ನು ಹಿಡಿಯುವುದಿಲ್ಲ.

ಮತ್ತೆ 236ಕ್ಕೆ ಬರೋಣ. ಆ ಅಂಕಿ ಮಣೂಕದ್ದೊಂದೇ ಅಲ್ಲ. ಒಂಬತ್ತಕ್ಕೆ ನೋಡಿದಾಗ ಮಣೂಕ ತಿಂದು ಎರಡೂವರೆ ತಾಸು, ಸುಸಲಾ ತಿಂದು ಒಂದೂವರೆ ತಾಸು. ಎರಡರ ಅಲೆಯೂ ಒಂದರ ಮೇಲೊಂದು ಬಿದ್ದಿದೆ. ಮೀಟರಿಗೂ ತನ್ನದೇ ಏರುಪೇರು ಇರುತ್ತದೆ. ಒಳ್ಳೆಯ ಮೀಟರೂ 15 ಪ್ರತಿಶತ ಆಚೀಚೆ ತೋರಿಸಬಹುದು ಎಂದು ಅದರ ಮಾನದಂಡವೇ ಒಪ್ಪುತ್ತದೆ. ಹಾಗಾಗಿ 236 ಎಂದರೆ 200ರಿಂದ 270ರ ನಡುವೆ ಎಲ್ಲೋ ಒಂದು ಕಡೆ. ಅದೂ ಅಲ್ಲದೆ ಅವ್ವ ಬೆರಳು ತೊಳೆದಿದ್ದರೇ? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಖರ್ಜೂರದ ಬೀಜ ತೆಗೆದ ಬೆರಳಿಗೆ ಕಣ್ಣಿಗೆ ಕಾಣದಷ್ಟು ಸಕ್ಕರೆ ಅಂಟಿರುತ್ತದೆ. ಅದೇ ಬೆರಳನ್ನು ಚುಚ್ಚಿದರೆ ರಕ್ತದ ಹನಿ ಆ ಸಕ್ಕರೆಯನ್ನು ಕರಗಿಸಿಕೊಂಡೇ ಪಟ್ಟಿಗೆ ಹೋಗುತ್ತದೆ. 130 ಇದ್ದದ್ದು 250, 300 ತೋರಿಸಲು ಅಷ್ಟು ಸಾಕು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅಂಟು ಪೂರ್ತಿ ಹೋಗುವುದಿಲ್ಲ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಒಣಗಿಸಬೇಕು. ನೀರು ಸಿಗದ ಕಡೆ ಮೊದಲ ಹನಿಯನ್ನು ಒರೆಸಿ ಎರಡನೆಯ ಹನಿ ತಗೊಳ್ಳಿ. ಊಹಿಸದಷ್ಟು ಎತ್ತರದ ಅಂಕಿ ಬಂದಾಗಲೆಲ್ಲ ಗಾಬರಿ ಆಗುವ ಮೊದಲು ಕೈ ತೊಳೆದು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಹಾಗಾಗಿ ಊಹೆ ಬಿಟ್ಟು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲು ನಿಮ್ಮ ಮಣೂಕದ ತೂಕ ತಿಳಿದುಕೊಳ್ಳಿ. ಐವತ್ತು ಒಣ ಕಾಳು ಎಣಿಸಿ ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಇಡಿ. 30 ಗ್ರಾಂ ಬಂತು ಅನ್ನೋಣ, ಆಗ ಒಂದು ಕಾಳಿಗೆ 0.6 ಗ್ರಾಂ. ನಮಗೆ ಬೇಕಾದ್ದು 20 ಗ್ರಾಂ, ಅಂದರೆ 33 ಕಾಳು. ಸಣ್ಣ ಗ್ರೇಡ್ ಆದರೆ ನಲವತ್ತು ಬರಬಹುದು, ಉದ್ದದ ದಪ್ಪ ಗ್ರೇಡ್ ಆದರೆ ಇಪ್ಪತ್ತೈದು. ಮೊಬೈಲಿನಲ್ಲಿ ಓದಿದ ಯಾರದೋ ಎಣಿಕೆ ನಿಮ್ಮ ಮಣೂಕಕ್ಕೆ ಹೊಂದಲೇಬೇಕು ಎಂದೇನಿಲ್ಲ. ತೂಕ ಯಾವಾಗಲೂ ನೆನೆಹಾಕುವ ಮೊದಲಿನದ್ದೇ ಇರಲಿ, ನೆನೆದ ಮೇಲೆ ನೀರಿನ ತೂಕ ಸೇರಿ ಲೆಕ್ಕ ತಪ್ಪುತ್ತದೆ. 20 ಗ್ರಾಂ ಮಣೂಕ ಎಂದರೆ 15ರಿಂದ 16 ಗ್ರಾಂ ಕಾರ್ಬೋಹೈಡ್ರೇಟ್, ಅರ್ಧ ರೊಟ್ಟಿಗಿಂತ ಸ್ವಲ್ಪ ಕಡಿಮೆ.

ಪರೀಕ್ಷೆಗೆ ಮಧ್ಯಾಹ್ನದ ಊಟ ಆರಿಸಿಕೊಳ್ಳಿ. ಮೊದಲ ದಿನ ಎರಡು ರೊಟ್ಟಿ, ಪಲ್ಯ, ಬೇಳೆ, ಅಗಸಿ ಚಟ್ನಿ, ಮಜ್ಜಿಗೆ, ಮಣೂಕ ಇಲ್ಲ. ಊಟದ ಮೊದಲು, ಮೊದಲ ತುತ್ತಿನಿಂದ ಒಂದು ತಾಸಿಗೆ, ಮತ್ತೆ ಎರಡು ತಾಸಿಗೆ ನೋಡಿ ಬರೆದಿಡಿ. ಎರಡನೆಯ ದಿನ ಅದೇ ಊಟ, ಆದರೆ ಒಂದೂವರೆ ರೊಟ್ಟಿ, ಕೊನೆಗೆ 20 ಗ್ರಾಂ ಮಣೂಕ, ಜೊತೆಗೆ ಹತ್ತು ಹುರಿದ ಶೇಂಗಾ. ಮತ್ತೆ ಮೂರು ಅಂಕಿ. ಒಂದು ತಾಸಿನದ್ದು ಬಿಡಬೇಡಿ. ಒಣ ಹಣ್ಣಿನ ಏರಿಕೆ ಬಹಳ ಸಲ ಮುಕ್ಕಾಲು ತಾಸಿನಿಂದ ಒಂದು ತಾಸಿನೊಳಗೆ ಶಿಖರ ಮುಟ್ಟಿ, ಎರಡು ತಾಸಿಗೆ ಇಳಿಯುತ್ತ ಬಂದಿರುತ್ತದೆ. ಎರಡು ತಾಸಿನದ್ದೊಂದನ್ನೇ ನೋಡಿ ಏನೂ ಆಗಿಲ್ಲ ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ. ಇಂಥ ಜೋಡಿ ದಿನಗಳನ್ನು ಎರಡು ಸಲ ಮಾಡಿ, ಆಗ ಮೀಟರಿನ ಏರುಪೇರು ಗೊತ್ತಾಗುತ್ತದೆ.

ಓದುವುದು ಹೀಗೆ. ಉದಾಹರಣೆಗೆ ಮಣೂಕ ಇಲ್ಲದ ದಿನ 128, 186, 162 ಬಂದು, ಇದ್ದ ದಿನ 126, 194, 160 ಬಂದರೆ ಅದು ಮೀಟರಿನ ಆಚೀಚೆಯೊಳಗಿನ ವ್ಯತ್ಯಾಸ, ಅಷ್ಟು ಮಣೂಕ ಅವ್ವನಿಗೆ ಹಿಡಿಸುತ್ತದೆ. ಇದ್ದ ದಿನ ಒಂದು ತಾಸಿಗೆ 240, ಎರಡು ತಾಸಿಗೆ 205 ಬಂದು, ಎರಡನೆಯ ಸಲವೂ ಹಾಗೆಯೇ ಬಂದರೆ 10 ಗ್ರಾಮಿಗೆ ಇಳಿಸಿ ನೋಡಿ. ಆಗಲೂ ಅದೇ ಕಥೆಯಾದರೆ ಸದ್ಯಕ್ಕೆ ಬಿಡಬೇಕು, ಡಾಕ್ಟರು ಹೇಳಿದ್ದು ಆಗ ಸರಿ. ಊಟವಾಗಿ ಎರಡು ತಾಸಿಗೆ 180ರ ಒಳಗೆ ಇರಬೇಕು ಎಂಬುದು ಸಾಮಾನ್ಯ ಗುರಿ. ಅವ್ವನ ವಯಸ್ಸು, ಹೃದಯ, ಕಿಡ್ನಿ ನೋಡಿಕೊಂಡು ಡಾಕ್ಟರು ಬೇರೆ ಗುರಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಶೇಂಗಾ ಯಾಕೆ ಎಂದರೆ, ಅದರ ಎಣ್ಣೆ ಮತ್ತು ಪ್ರೋಟೀನಿನಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಊಟದ ಕೊನೆಗೆ ಯಾಕೆ ಎಂದರೂ ಅದೇ ಕಾರಣ, ಪಲ್ಯ ಮತ್ತು ಬೇಳೆ ಮೊದಲೇ ಒಳಗೆ ಕೂತಿರುತ್ತವೆ. ಆದರೆ ರೊಟ್ಟಿ ಕಡಿಮೆ ಮಾಡದೆ ಮೇಲೆ ಮಣೂಕ ಹಾಕಿದರೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅದು ಬದಲಿಗೆ ತಿನ್ನುವ ಪದಾರ್ಥ, ಜೊತೆಗೆ ಸೇರಿಸುವುದಲ್ಲ. ಊಟ ಆದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ಅಡ್ಡಾಡಿದರೆ ಶಿಖರ ಇನ್ನೂ ತಗ್ಗುತ್ತದೆ, ಅದನ್ನೂ ಮೀಟರಿನಲ್ಲೇ ಕಾಣಬಹುದು.

ಖರ್ಜೂರಕ್ಕೂ ಇದೇ ಲೆಕ್ಕ. ಮಣೂಕ ತಿಂದ ದಿನ ಖರ್ಜೂರ ಇಲ್ಲ. ಸಾದಾ ಗಾತ್ರದ್ದಾದರೆ ಎರಡು. ಮೆಡ್ಜೂಲ್ ಎಂಬ ದೊಡ್ಡ ಜಾತಿಯ ಒಂದೇ ಹಣ್ಣಿನಲ್ಲಿ 18 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅದು ಒಂದೇ ಸಾಕು. ಖರ್ಜೂರದ ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಹೊಳಪಿಗೆಂದು ಗ್ಲೂಕೋಸ್ ಸಿರಪ್ ಹಚ್ಚಿದ್ದು ಇರುತ್ತದೆ, ಅಂಥದ್ದು ಬೇಡ. ದಿನಕ್ಕೆ ಮೂರು ಖರ್ಜೂರದಂತೆ 16 ವಾರ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ಶುಗರ್ ಇದ್ದವರ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಏರಲಿಲ್ಲ. ಈ ಸುದ್ದಿಯನ್ನು ಮೊಬೈಲಿನಲ್ಲಿ ಹಂಚುವವರು ಮೂರು ಅನ್ನುವುದನ್ನು ಮರೆತುಬಿಡುತ್ತಾರೆ.

ಉತ್ತತ್ತಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನಮ್ಮ ಕಡೆ ಮನೆಮನೆಯಲ್ಲೂ ಇರುವ ಪದಾರ್ಥ. ಅದೂ ಖರ್ಜೂರವೇ, ಇನ್ನೂ ಒಣಗಿಸಿದ್ದು. ಇಡೀ ಉತ್ತತ್ತಿ ಅಗಿಯಲು ಹೊತ್ತು ಹಿಡಿಯುತ್ತದೆ, ಅದರಿಂದ ಎರಡಕ್ಕಿಂತ ಹೆಚ್ಚು ತಿನ್ನಲಾಗುವುದಿಲ್ಲ, ಅದು ಅದರ ಒಳ್ಳೆಯ ಗುಣ. ಅದನ್ನೇ ಕುಟ್ಟಿ ಪುಡಿ ಮಾಡಿ, ಸಕ್ಕರೆ ಬದಲು ಎಂದು ಹಾಲಿಗೆ ಎರಡು ಚಮಚ ಹಾಕಿದರೆ ಆ ಗುಣ ಹೋಯಿತು. ಅಗಿಯುವ ಕೆಲಸ ಇಲ್ಲ, ನಾರು ನುಣ್ಣಗಾಗಿದೆ, ಎಷ್ಟು ಹೋಯಿತು ಎಂದು ಹೊಟ್ಟೆಗೂ ಗೊತ್ತಾಗುವುದಿಲ್ಲ. ಖರ್ಜೂರ ಅರೆದು ಕಟ್ಟಿದ, ಸಕ್ಕರೆ ರಹಿತ ಎಂದು ಬರೆದ ಉಂಡೆಗಳೂ ಇದೇ ಸಾಲಿನವು. ಗೋಕಾಕ, ಅಮೀನಗಡದ ಕರದಂಟಿನಲ್ಲಿ ಒಣ ಹಣ್ಣಿನ ಜೊತೆ ಬೆಲ್ಲದ ಪಾಕವೂ ಇರುವುದರಿಂದ ಅದನ್ನು ಮಿಠಾಯಿ ಎಂದೇ ತಿಳಿದು ತಿನ್ನಿ, ಒಣ ಹಣ್ಣು ಎಂದಲ್ಲ. ಅಂಗಡಿಯಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಒಣ ಅನಾನಸ್, ಕಿವಿ, ಕ್ರ್ಯಾನ್‌ಬೆರಿ ಬಹುತೇಕ ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದ್ದು. ಟೂಟಿ ಫ್ರೂಟಿಯಂತೂ ಪಪ್ಪಾಯಿ ಕಾಯಿಗೆ ಪಾಕ ಕುಡಿಸಿದ್ದು. ಇವಕ್ಕೆ ಹೋಲಿಸಿದರೆ ನಿಮ್ಮ ಶೆಡ್ಡಿನ ಮಣೂಕ ಸಾವಿರ ಪಾಲು ಮೇಲು.

ಅವ್ವನ ಕಿಡ್ನಿ ಪರೀಕ್ಷೆ ಈ ವರ್ಷ ಆಗಿಲ್ಲದಿದ್ದರೆ ಮಾಡಿಸಿ. ಒಣಗಿದಾಗ ಸಕ್ಕರೆಯಂತೆ ಪೊಟ್ಯಾಷಿಯಂ ಕೂಡ ಗಟ್ಟಿಯಾಗುತ್ತದೆ, ಒಂದು ಹಿಡಿ ಮಣೂಕದಲ್ಲಿ 300 ಮಿಲಿಗ್ರಾಂ ಹತ್ತಿರ ಇರುತ್ತದೆ. ಕಿಡ್ನಿ ಸರಿ ಇದ್ದರೆ ಅದು ಒಳ್ಳೆಯದೇ. ಕ್ರಿಯಾಟಿನಿನ್ ಏರಿದ್ದು, ಪೊಟ್ಯಾಷಿಯಂ ಮೇಲಿದೆ ಎಂದು ಡಾಕ್ಟರು ಹೇಳಿದ್ದರೆ ಮಣೂಕ, ಖರ್ಜೂರ, ಜರ್ದಾಳು ಮೂರನ್ನೂ ಅವರನ್ನು ಕೇಳದೆ ತಿನ್ನಬಾರದು.

ಕೊನೆಯದಾಗಿ, ನಾಳೆಯಿಂದಲೇ ಮುಂಜಾನೆಯ ಹಿಡಿ ಮಣೂಕ ನಿಲ್ಲಿಸುವವರಿದ್ದರೆ ಒಂದು ಎಚ್ಚರ. ಅವ್ವನ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಇದೆ. ತಿಂದರೂ ತಿನ್ನದಿದ್ದರೂ ಅದು ಇನ್ಸುಲಿನ್ ಬಿಡಿಸುತ್ತದೆ. ಈಗಿನ ಡೋಸು ಹಾಕುವಾಗಲೂ ಅವ್ವ ದಿನಾ ಈ 58 ಗ್ರಾಂ ತಿನ್ನುತ್ತಿದ್ದರೆ, ಆಗಿನ ಅಂಕಿ ನೋಡಿಯೇ ಡೋಸು ಏರಿಸಿರಬಹುದು. ಒಮ್ಮೆಲೇ ತೆಗೆದರೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಸಕ್ಕರೆ ತೀರ ಕೆಳಗೆ ಹೋಗಬಹುದು. ಮೊದಲ ವಾರ ಆ ಹೊತ್ತಿಗೆ ದಿನಕ್ಕೊಮ್ಮೆ ನೋಡಿ. ಬೆವರು, ಕೈ ನಡುಕ, ಎದೆ ಹೊಡೆದುಕೊಳ್ಳುವುದು, ತಲೆ ಗಿಮ್ ಅನ್ನುವುದು ಕಂಡರೆ ಕೂಡಲೇ ನೋಡಿ. 70ರ ಕೆಳಗೆ ಇದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಡುಗೆಮನೆಯ ಸಕ್ಕರೆ ಇಲ್ಲಿ ನಿಧಾನ, ಯಾಕೆಂದರೆ ಅದನ್ನು ಒಡೆಯುವ ಕಿಣ್ವವನ್ನು ವೊಗ್ಲಿಬೋಸ್ ಹಿಡಿದಿಟ್ಟಿರುತ್ತದೆ. ಮಣೂಕದ ಗ್ಲೂಕೋಸಿಗೆ ಆ ಅಡ್ಡಿ ಇಲ್ಲ, ಆದರೆ ಕೈ ನಡುಗುತ್ತಿರುವವರು ಅದನ್ನು ಅಗಿದು ನುಂಗಲು ಹೊತ್ತು ಹಿಡಿಯುತ್ತದೆ. ಗ್ಲೂಕೋಸ್ ಪುಡಿಯ ಡಬ್ಬಿ ಮನೆಯಲ್ಲಿ ಒಂದು, ತೋಟದ ಶೆಡ್ಡಿನಲ್ಲಿ ಒಂದು ಇರಲಿ. ಅಂಥ ಒಂದೇ ಒಂದು ಅಂಕಿ ಬಂದರೂ ಬರೆದ ಚೀಟಿ ತಗೊಂಡು ಡಾಕ್ಟರ ಹತ್ತಿರ ಹೋಗಿ, ಡೋಸು ಕಡಿಮೆ ಮಾಡಬೇಕಾಗಬಹುದು.